ಸಿಲಿಂಡರ್ ಮುಗಿಯುವಾಗ ಬರುವ ಗ್ಯಾಸ್ ವಾಸನೆ: ತಳದ ಗ್ಯಾಸೋ, ಸೋರಿಕೆಯೋ?

ಪ್ರಶ್ನೆ: ನಮ್ಮ ಮನಿ ಕಲಬುರಗಿ ಬ್ರಹ್ಮಪುರದಾಗ ಅದ. ಅಡಗಿಮನಿ ಸಣ್ಣದು, 10 ಫೂಟು 8 ಫೂಟು, ಶಹಾಬಾದ ಪರಸಿ ಹಾಸೀವಿ. ಸಿಲಿಂಡರ್ ಮುಗಿಲಿಕ್ಕೆ ನಾಕೈದು ದಿನ ಇದ್ದಾಗ ಒಲಿ ಕಟ್ಟಿ ಕೆಳಗ ಗ್ಯಾಸಿನ ವಾಸನಿ ಬರ್ತದ. ಹೊಸಾದು ಹಚ್ಚಿದ ಮ್ಯಾಲ ಹೋಗ್ತದ. ಮೂರು ಸಿಲಿಂಡರ್ ಹಿಂಗೇ ಆಯ್ತು. ಬಾಜೂ ಮನಿಯವರು "ತಳದಾಗಿನ ಗ್ಯಾಸು ಹಂಗೇ ನಾರತದ, ಲೀಕ್ ಅಲ್ಲ" ಅಂತಾರ. ನಮ್ಮ ಅತ್ತಿಯವರಿಗಂತೂ ವಾಸನಿ ಗೊತ್ತೇ ಆಗಂಗಿಲ್ಲ. ವಾಸನಿ ಬಂದಾಗ ಕೂಲರ್ ಹಚ್ಚಿ ಹೊರಗ ಹಾಕಿದ್ರ ನಡೀತದೇನ್ರಿ?

ಉತ್ತರ: ಅಕ್ಕಾವ್ರೇ, ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಕೂಲರ್ ಹಚ್ಚಬೇಡಿ. ಗ್ಯಾಸಿನ ವಾಸನೆ ಇರುವಾಗ ಕೂಲರ್ ಅಷ್ಟೇ ಅಲ್ಲ, ಮನೆಯ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಅದಕ್ಕೆ ಕಾರಣವನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಇನ್ನು ನಿಮ್ಮ ಬಾಜೂ ಮನೆಯವರ ಮಾತು ಅರ್ಧ ನಿಜ. ತಳದ ಗ್ಯಾಸು ಹೆಚ್ಚು ನಾರುತ್ತದೆ ಎನ್ನುವುದು ಸರಿ. "ಲೀಕ್ ಅಲ್ಲ" ಎನ್ನುವುದು ತಪ್ಪು. ಒಲೆ ಆರಿಸಿಟ್ಟಾಗ ಮೂಗಿಗೆ ವಾಸನೆ ಬಡಿಯಬೇಕೆಂದರೆ ಗ್ಯಾಸು ಎಲ್ಲಿಂದಲೋ ಹೊರಗೆ ಬರಲೇಬೇಕು. ಕೊನೆಯ ನಾಲ್ಕೈದು ದಿನ ಬರುತ್ತಿದೆ ಎಂದರೆ ಮೊದಲ ದಿನವೂ ಬರುತ್ತಿತ್ತು ಎಂದೇ ತಿಳಿಯಿರಿ. ಆಗ ಅದು ನಿಮಗೆ ಗೊತ್ತಾಗಲಿಲ್ಲ, ಅಷ್ಟೇ.

ಅಡುಗೆ ಗ್ಯಾಸು ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಇವೆರಡಕ್ಕೂ ಹೇಳಿಕೊಳ್ಳುವಂಥ ವಾಸನೆ ಇಲ್ಲ, ಬಣ್ಣವೂ ಇಲ್ಲ. ಹಾಗೇ ಬಿಟ್ಟರೆ ಕೋಣೆ ತುಂಬಿದರೂ ಯಾರಿಗೂ ಗೊತ್ತಾಗುವುದಿಲ್ಲ. 1937ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಇದೇ ಆಯಿತು. ವಾಸನೆ ಬೆರೆಸದ ನೈಸರ್ಗಿಕ ಅನಿಲ ಕಟ್ಟಡದ ತಳದಲ್ಲಿ ಸೋರಿ ತುಂಬಿಕೊಂಡು, ಒಂದು ಕಿಡಿಗೆ ಸ್ಫೋಟಿಸಿ ಸುಮಾರು 300 ಜನ ಸತ್ತರು. ಹೆಚ್ಚಿನವರು ಮಕ್ಕಳು. ಗ್ಯಾಸಿಗೆ ವಾಸನೆ ಬೆರೆಸಬೇಕೆಂಬ ಕಾನೂನು ಅಲ್ಲಿ ಬಂದದ್ದು ಆ ದುರಂತದ ನಂತರ.

ನಮ್ಮ ಸಿಲಿಂಡರಿನ ಗ್ಯಾಸಿಗೆ ಬೆರೆಸುವುದು ಈಥೈಲ್ ಮರ್‌ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ. ಕೊಳೆತ ಉಳ್ಳಾಗಡ್ಡಿ, ಹಳಸಿದ ಕೋಸುಗಡ್ಡೆಯಂಥ ವಾಸನೆ ಅದರದ್ದೇ. 14.2 ಕೆಜಿ ಗ್ಯಾಸಿಗೆ ಅದು ಒಂದು ಗ್ರಾಂ ಕೂಡ ಬೀಳುವುದಿಲ್ಲ. ಅಷ್ಟು ಸಾಕಾಗುತ್ತದೆ, ಯಾಕೆಂದರೆ ಗಾಳಿಯ ನೂರು ಕೋಟಿ ಭಾಗದಲ್ಲಿ ಒಂದು ಭಾಗ ಇದ್ದರೂ ಮನುಷ್ಯನ ಮೂಗು ಇದನ್ನು ಹಿಡಿಯಬಲ್ಲದು. ಎಷ್ಟು ಬೆರೆಸಬೇಕು ಎನ್ನುವುದಕ್ಕೆ ಅಳತೆಯೂ ಇದೆ. ಗಾಳಿಯಲ್ಲಿ ಗ್ಯಾಸು ಹೊತ್ತಿಕೊಳ್ಳುವ ಕನಿಷ್ಠ ಪ್ರಮಾಣ ಎಷ್ಟೋ, ಅದರ ಐದನೆಯ ಒಂದು ಭಾಗ ಇರುವಾಗಲೇ ಸಾಮಾನ್ಯ ಮೂಗಿಗೆ ವಾಸನೆ ತಿಳಿಯಬೇಕು. ಅಂದರೆ ವಾಸನೆ ಮೊದಲು ಬರಬೇಕು, ಅಪಾಯ ಆಮೇಲೆ. ಈ ನಡುವಿನ ಅಂತರವೇ ನಿಮಗೆ ಸಿಗುವ ಸಮಯ.

ಹಾಗಾದರೆ ವಾಸನೆ ಕೊನೆಯಲ್ಲೇ ಯಾಕೆ ಜೋರಾಗುತ್ತದೆ? ಸಿಲಿಂಡರಿನೊಳಗೆ ಗ್ಯಾಸು ದ್ರವವಾಗಿ ಇರುತ್ತದೆ. ಒಲೆಗೆ ಬರುವುದು ಆ ದ್ರವ ಆವಿಯಾಗಿ ಮೇಲೆ ನಿಂತ ಭಾಗ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ, ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯಲ್ಲಿ. ಮರ್‌ಕ್ಯಾಪ್ಟನ್ ಕುದಿಯಲು 35 ಡಿಗ್ರಿ ಬೇಕು. ಹೀಗಾಗಿ ಹಗುರವಾದ ಪ್ರೊಪೇನ್ ಮುಂದೆ ಮುಂದೆ ಹಾರಿ ಹೋಗುತ್ತದೆ, ಮರ್‌ಕ್ಯಾಪ್ಟನ್ ಮಾತ್ರ ಹೆಚ್ಚಾಗಿ ದ್ರವದಲ್ಲೇ ಹಿಂದೆ ಉಳಿಯುತ್ತದೆ. ಸಾರು ಬತ್ತುತ್ತ ಹೋದಂತೆ ಉಪ್ಪು ಏರುವ ಹಾಗೆ, ಸಿಲಿಂಡರ್ ಖಾಲಿಯಾಗುತ್ತ ಹೋದಂತೆ ಉಳಿದ ಗ್ಯಾಸಿನಲ್ಲಿ ವಾಸನೆಯ ಪಾಲು ಏರುತ್ತದೆ. ಕೊನೆಯಲ್ಲಿ ಜ್ವಾಲೆ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುವುದಕ್ಕೂ ಇದರ ನಂಟಿದೆ. ಆಗ ಉಳಿದಿರುವುದು ಹೆಚ್ಚಾಗಿ ಭಾರವಾದ ಬ್ಯೂಟೇನ್, ಜೊತೆಗೆ ಸಿಲಿಂಡರಿನೊಳಗಿನ ಒತ್ತಡವೂ ಇಳಿದಿರುತ್ತದೆ.

ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ. ಹೊಸ ಸಿಲಿಂಡರ್ ಹಚ್ಚಿದಾಗ ಸೋರಿಕೆ ನಿಲ್ಲಲಿಲ್ಲ. ಸೋರುವ ಗ್ಯಾಸಿನಲ್ಲಿ ವಾಸನೆಯ ಪಾಲು ಕಡಿಮೆಯಾಯಿತು, ಹಾಗಾಗಿ ನಿಮ್ಮ ಮೂಗಿಗೆ ಸಿಗುತ್ತಿಲ್ಲ. ರೆಗ್ಯುಲೇಟರ್ ದಾಟಿದ ಮೇಲೆ ಗ್ಯಾಸಿನ ಒತ್ತಡ ತಿಂಗಳಿಡೀ ಹೆಚ್ಚುಕಡಿಮೆ ಒಂದೇ ಇರುತ್ತದೆ. ಪೈಪಿನಲ್ಲಿ ಸೀಳು ಇದ್ದರೆ ಮೊದಲ ದಿನ ಸೋರಿದಷ್ಟೇ ಕೊನೆಯ ದಿನವೂ ಸೋರುತ್ತದೆ.

ಒಲೆ ಹಚ್ಚುವ ಕ್ಷಣದಲ್ಲಿ ಒಂದೆರಡು ಸೆಕೆಂಡು ವಾಸನೆ ಬರುವುದು ಬೇರೆ ಮಾತು. ಲೈಟರ್ ಹಿಡಿಯುವ ಮುನ್ನ ಹೊರಬಂದ ಸ್ವಲ್ಪ ಗ್ಯಾಸು ಅದು, ಸಿಲಿಂಡರಿನ ಕೊನೆಯಲ್ಲಿ ಅದೂ ಜೋರಾಗಿ ನಾರುತ್ತದೆ. ಉರಿ ಹತ್ತಿದ ಮೇಲೆ ಮರ್‌ಕ್ಯಾಪ್ಟನ್ ಸುಟ್ಟುಹೋಗುವುದರಿಂದ ವಾಸನೆ ನಿಲ್ಲಬೇಕು. ನಿಮ್ಮ ಬಾಜೂ ಮನೆಯವರು ಹೇಳುತ್ತಿರುವುದು ಬಹುಶಃ ಇದನ್ನೇ. ನೀವು ಬರೆದಿರುವುದು ಕಟ್ಟೆಯ ಕೆಳಗೆ, ನಾಲ್ಕೈದು ದಿನ ನಿಲ್ಲುವ ವಾಸನೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಬಚ್ಚಲ ಮೋರಿಯ ವಾಸನೆಯನ್ನೂ ಕೆಲವರು ಗ್ಯಾಸು ಎಂದು ಹೆದರುತ್ತಾರೆ. ಮೋರಿಯದ್ದು ಕೊಳೆತ ತತ್ತಿಯ ವಾಸನೆ, ಸಿಲಿಂಡರ್ ಹೊಸದಿರಲಿ ಹಳೆಯದಿರಲಿ ಒಂದೇ ತೆರನಾಗಿ ಬರುತ್ತದೆ. ನಿಮ್ಮಲ್ಲಿ ಅದು ಸಿಲಿಂಡರಿನ ಜೊತೆಗೇ ಬಂದು ಜೊತೆಗೇ ಹೋಗುತ್ತಿದೆ. ಆದ್ದರಿಂದ ಮೋರಿಯ ಮೇಲೆ ಅನುಮಾನ ಬೇಡ.

ಸೋರುತ್ತಿರುವುದು ಎಲ್ಲಿಂದ ಎನ್ನುವುದಕ್ಕೆ ನಿಮ್ಮ ಪ್ರಶ್ನೆಯಲ್ಲೇ ಸುಳಿವಿದೆ. ಮೂರು ಸಿಲಿಂಡರ್ ಹೀಗೇ ಆಯಿತು ಎಂದಿದ್ದೀರಿ. ಸಿಲಿಂಡರಿನ ವಾಲ್ವಿನೊಳಗೆ ಒಂದು ಕರಿ ರಬ್ಬರ್ ವಾಷರ್ ಇರುತ್ತದೆ, ರೆಗ್ಯುಲೇಟರ್ ಕೂತಾಗ ಸಂದು ಮುಚ್ಚುವುದು ಅದೇ. ಅದು ಸವೆದಿದ್ದರೂ ಸೋರಿಕೆ ಆಗುತ್ತದೆ. ಆದರೆ ಪ್ರತಿ ಸಿಲಿಂಡರಿಗೂ ಅದರದೇ ವಾಲ್ವ್, ಅದರದೇ ವಾಷರ್. ಸಾಲಾಗಿ ಮೂರರಲ್ಲೂ ಅದೇ ಕೆಟ್ಟಿರುವುದು ಅಪರೂಪ. ಮೂರಕ್ಕೂ ಬದಲಾಗದೆ ಉಳಿದದ್ದು ನಿಮ್ಮ ರೆಗ್ಯುಲೇಟರ್, ಪೈಪು ಮತ್ತು ಒಲೆ. ವಾಸನೆ ಕಟ್ಟೆಯ ಕೆಳಗೆ ಎನ್ನುವುದರಿಂದ ಮೊದಲ ಅನುಮಾನ ಪೈಪಿನ ಮೇಲೆ, ಎರಡನೆಯದು ಒಲೆಯ ನಾಬಿನ ಮೇಲೆ. ಗ್ಯಾಸು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮೇಲೆ ನಾಬಿನಲ್ಲಿ ಸೋರಿದರೂ ಅದು ಇಳಿದು ಕೆಳಗೇ ನಿಲ್ಲುತ್ತದೆ.

ಪತ್ತೆ ಮಾಡುವುದು ಹೀಗೆ. ಹಗಲು ಹೊತ್ತಿನಲ್ಲಿ, ಬಾಗಿಲು ಕಿಟಕಿ ತೆರೆದಿಟ್ಟು, ದೇವರ ದೀಪ, ಊದುಬತ್ತಿ ಏನೂ ಉರಿಯದಿರುವಾಗ ಈ ಕೆಲಸ ಹಿಡಿಯಿರಿ. ವಾಸನೆ ದಟ್ಟವಾಗಿರುವಾಗ ಬೇಡ. ಒಂದು ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಚಮಚ ಹಾಕಿ ನೊರೆ ಬರುವಂತೆ ಕಲಸಿ. ಬರ್ನರಿನ ನಾಬುಗಳು ಬಂದ್ ಇರಲಿ, ರೆಗ್ಯುಲೇಟರ್ ಮಾತ್ರ ಆನ್ ಮಾಡಿ. ಹಳೆಯ ಬ್ರಷ್ಷಿನಿಂದ ನೊರೆಯನ್ನು ಮೊದಲು ರೆಗ್ಯುಲೇಟರ್ ವಾಲ್ವಿಗೆ ಕೂತ ಸಂದಿಗೆ ಹಚ್ಚಿ, ಆಮೇಲೆ ಪೈಪಿನ ಎರಡೂ ತುದಿಗೆ, ಪೈಪು ಬಾಗಿದ ಜಾಗಕ್ಕೆ, ಕಡೆಗೆ ಒಲೆಯ ನಾಬಿನ ಬುಡಕ್ಕೆ. ಪ್ರತಿ ಜಾಗದಲ್ಲೂ ಒಂದು ನಿಮಿಷ ಕಣ್ಣಿಟ್ಟು ನೋಡಿ. ಬ್ರಷ್ಷಿನಿಂದ ಎದ್ದ ನೊರೆ ಅಲ್ಲೇ ಒಡೆದು ಹೋಗುತ್ತದೆ. ಸೋರಿಕೆಯ ಗುಳ್ಳೆ ಹಾಗಲ್ಲ, ಅದು ಒಂದೇ ಜಾಗದಲ್ಲಿ ನಿಧಾನ ಉಬ್ಬುತ್ತದೆ, ಒಡೆದರೆ ಅಲ್ಲೇ ಮತ್ತೊಂದು ಹುಟ್ಟುತ್ತದೆ. ಸಣ್ಣ ಸೋರಿಕೆಗೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲುಗಟ್ಟುತ್ತವೆ. ಕಡ್ಡಿ ಗೀರಿ ನೋಡುವ ರೂಢಿ ಕೆಲವರಿಗೆ ಇನ್ನೂ ಇದೆ. ದಯವಿಟ್ಟು ಅದನ್ನು ಮಾಡಬೇಡಿ, ಯಾರಿಗೂ ಮಾಡಗೊಡಬೇಡಿ.

ಗುಳ್ಳೆ ಪೈಪಿನಲ್ಲಿ ಕಂಡರೆ ತುದಿ ಕತ್ತರಿಸಿ ಮತ್ತೆ ಸಿಕ್ಕಿಸುವುದು, ಟೇಪು ಸುತ್ತುವುದು, ತಂತಿ ಬಿಗಿಯುವುದು ಯಾವುದೂ ಬೇಡ. ಏಜೆನ್ಸಿಯಲ್ಲಿ ಸಿಗುವ ಕೇಸರಿ ಬಣ್ಣದ ಸುರಕ್ಷಾ ಪೈಪು ತನ್ನಿ. ಅದರೊಳಗೆ ಉಕ್ಕಿನ ತಂತಿಯ ಹೆಣಿಗೆ ಇರುವುದರಿಂದ ಇಲಿ ಸುಲಭಕ್ಕೆ ಕಡಿಯಲಾರದು. ಅದಕ್ಕೂ ಐದು ವರ್ಷದ ಆಯುಷ್ಯ, ತಾರೀಖು ಪೈಪಿನ ಮೇಲೇ ಅಚ್ಚಾಗಿರುತ್ತದೆ. ನಿಮ್ಮ ಈಗಿನ ಪೈಪಿನ ಮೇಲಿನ ತಾರೀಖು ಇವತ್ತೇ ನೋಡಿ. ಅವಧಿ ಮೀರಿದ್ದರೆ ಗುಳ್ಳೆ ಬರಲಿ ಬಿಡಲಿ, ಬದಲಿಸಿ. ಕಟ್ಟೆಯ ಕೆಳಗೆ ಹೊಲಸಾಗದಿರಲಿ ಎಂದು ಪೈಪಿನ ಮೇಲೆ ಬಟ್ಟೆಯ ಕವರ್ ಹಾಕುವವರಿದ್ದಾರೆ. ಕವರ್ ಹಾಕಿದರೆ ಒಳಗೆ ಬಿರುಕು ಬಿಟ್ಟದ್ದು ಕಾಣುವುದೇ ಇಲ್ಲ, ತೆಗೆದುಬಿಡಿ.

ಗುಳ್ಳೆ ನಾಬಿನ ಬುಡದಲ್ಲಿ ಬಂದರೆ ಅದು ಒಳಗಿನ ಗ್ರೀಸು ಒಣಗಿದ್ದರ ಗುರುತು. ನಮ್ಮ ಕಡೆ ದಿನಾ ರೊಟ್ಟಿ ಬಡಿಯುವ ಮನೆಗಳಲ್ಲಿ ಇದು ಬೇಗ ಆಗುತ್ತದೆ. ದೊಡ್ಡ ಹೆಂಚು ಇಟ್ಟು ತಾಸುಗಟ್ಟಲೆ ದೊಡ್ಡ ಉರಿ ಹಚ್ಚಿದರೆ ಆ ಕಾವು ಕೆಳಗಿನ ನಾಬಿನವರೆಗೂ ಇಳಿದು ಗ್ರೀಸು ಸುಟ್ಟು ಒಣಗುತ್ತದೆ. ನಾಬು ತಿರುಗಿಸಲು ಬಿಗಿಯಾಗಿದ್ದರೆ ಅದೂ ಒಂದು ಸೂಚನೆ. ಏಜೆನ್ಸಿಯ ಮೆಕ್ಯಾನಿಕ್ ಕರೆದು ಬಿಚ್ಚಿಸಿ, ಕಾವು ತಡೆಯುವ ಗ್ರೀಸು ಹಾಕಿಸಿ. ಮನೆಯಲ್ಲೇ ಕೊಬ್ಬರಿ ಎಣ್ಣೆ ಬಿಡುವುದರಿಂದ ನಾಬು ಎರಡು ದಿನ ಸಲೀಸಾಗಿ ತಿರುಗುತ್ತದೆ, ಸೋರಿಕೆ ಮಾತ್ರ ಹೆಚ್ಚುತ್ತದೆ. ರೆಗ್ಯುಲೇಟರ್ ಮೈಯಿಂದಲೇ ಗುಳ್ಳೆ ಬಂದರೆ ಅದಕ್ಕೆ ರಿಪೇರಿ ಇಲ್ಲ, ಏಜೆನ್ಸಿಯಲ್ಲಿ ಕೊಟ್ಟು ಬದಲಿ ತೆಗೆದುಕೊಳ್ಳಬೇಕು.

ಇದೆಲ್ಲ ಆಗುವವರೆಗೆ ಪ್ರತಿ ಸಲ ಅಡುಗೆ ಮುಗಿದ ಮೇಲೆ ರೆಗ್ಯುಲೇಟರ್ ಬಂದ್ ಮಾಡಿ. ಪೈಪು, ಒಲೆಯ ಕಡೆಯ ಸೋರಿಕೆ ಅಷ್ಟರಿಂದಲೇ ನಿಲ್ಲುತ್ತದೆ. ಅಲ್ಲಿಗೇ ಒಂದು ಪರೀಕ್ಷೆಯೂ ಆಯಿತು. ವಾಸನೆ ಬರುವ ಆ ಕೊನೆಯ ದಿನಗಳಲ್ಲಿ ರಾತ್ರಿ ಬಂದ್ ಮಾಡಿ ಮಲಗಿದಾಗ ಬೆಳಿಗ್ಗೆ ವಾಸನೆ ಇಲ್ಲವೆಂದರೆ ದೋಷ ರೆಗ್ಯುಲೇಟರಿನ ಆಚೆಗಿದೆ. ಬಂದ್ ಮಾಡಿದರೂ ವಾಸನೆ ಇದ್ದರೆ ವಾಲ್ವಿನ ಕಡೆ ಇದೆ. ಅಲ್ಲಿ ಒತ್ತಡ ಬಹಳ ಹೆಚ್ಚು, ಬೇಸಿಗೆಯ ಬಿಸಿಗೆ ಇನ್ನೂ ಏರುತ್ತದೆ. ಹಾಗಿದ್ದರೆ ರೆಗ್ಯುಲೇಟರ್ ಕಳಚಿ, ವಾಲ್ವಿಗೆ ಬಿಳಿ ಕ್ಯಾಪ್ ಒತ್ತಿ ಹಾಕಿ, ಸಿಲಿಂಡರನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ ಏಜೆನ್ಸಿಗೆ ತಿಳಿಸಿ. ಆ ಕ್ಯಾಪನ್ನು ಹಗ್ಗದ ಸಮೇತ ಸಿಲಿಂಡರಿಗೇ ಕಟ್ಟಿರಲಿ, ಕಿತ್ತು ಮಕ್ಕಳ ಕೈಗೆ ಕೊಡಬೇಡಿ.

ಈಗ ಕೂಲರಿನ ಮಾತು, ನಿಮ್ಮದೇ ಅಡುಗೆಮನೆಯ ಲೆಕ್ಕದಲ್ಲಿ. 10 ಅಡಿ ಉದ್ದ, 8 ಅಡಿ ಅಗಲ. ಭಾರವಾದ ಗ್ಯಾಸು ನೆಲದಿಂದ ಒಂದು ಅಡಿ ಎತ್ತರದವರೆಗೆ ಹರಡಿ ನಿಂತಿತು ಎಂದುಕೊಳ್ಳಿ. ಆ ಜಾಗ 80 ಘನ ಅಡಿ, ಅಂದರೆ ಎರಡೂಕಾಲು ಘನ ಮೀಟರು. ಗಾಳಿಯಲ್ಲಿ ನೂರಕ್ಕೆ ಸುಮಾರು 1.8 ಪಾಲು ಗ್ಯಾಸು ಸೇರಿದರೆ ಅದು ಹೊತ್ತಿಕೊಳ್ಳಬಲ್ಲದು. ಅಷ್ಟಕ್ಕೆ ಬೇಕಾದದ್ದು ಬರೀ 80ರಿಂದ 90 ಗ್ರಾಂ ಗ್ಯಾಸು. ಹಾಲು ಉಕ್ಕಿ ಉರಿ ಆರಿದ ಸಣ್ಣ ಬರ್ನರ್ ಪೂರಾ ತೆರೆದಿದ್ದರೆ ಗಂಟೆಗೆ ಸುಮಾರು 150 ಗ್ರಾಂ ಬಿಡುತ್ತದೆ, ಎಂದರೆ ಅರ್ಧ ತಾಸಿನ ಮೇಲೆ ಸ್ವಲ್ಪ. ವಾಸನೆ ಗೊತ್ತಾಗಬೇಕಾದದ್ದು ಅದರ ಐದನೆಯ ಒಂದು ಭಾಗಕ್ಕೆ, ಹದಿನೇಳು ಹದಿನೆಂಟು ಗ್ರಾಂ ಆಗುವಷ್ಟರಲ್ಲಿ, ಏಳೆಂಟು ನಿಮಿಷಕ್ಕೆ. ಗ್ಯಾಸು ಹೀಗೆ ಒಂದೇ ಸಮ ಹರಡುವುದಿಲ್ಲ, ಒಲೆಯ ಕೆಳಗೆ ದಟ್ಟ, ಬಾಗಿಲ ಬಳಿ ತೆಳು ಇರುತ್ತದೆ. ಹಾಗಾಗಿ ಈ ನಿಮಿಷಗಳನ್ನು ನಂಬಿಕೊಂಡು ಕೂರಬಾರದು. ಆದರೆ ಎಷ್ಟು ಕಡಿಮೆ ಗ್ಯಾಸು ಸಾಕು ಎನ್ನುವುದು ಇದರಿಂದ ತಿಳಿಯುತ್ತದೆ.

ಸ್ವಿಚ್ಚು ಒತ್ತಿದಾಗ ಒಳಗೆ ಸಣ್ಣ ಕಿಡಿ ಹಾರುತ್ತದೆ, ಹಚ್ಚುವಾಗಲೂ ಆರಿಸುವಾಗಲೂ. ಕೂಲರಿನ ಪ್ಲಗ್ಗು, ಮೋಟರು, ಪಂಪು ಎಲ್ಲವೂ ನೆಲದ ಹತ್ತಿರ, ಗ್ಯಾಸು ನಿಂತಲ್ಲೇ ಇರುತ್ತವೆ. ಕೂಲರ್ ಮೊದಲೇ ಓಡುತ್ತಿದ್ದರೆ ಅದನ್ನು ಆರಿಸಲೂ ಹೋಗಬೇಡಿ. ಮೀಟರಿನ ಮೇನ್ ಸ್ವಿಚ್ಚು ಮನೆಯ ಹೊರಗಿದ್ದರೆ ಅಲ್ಲಿಂದ ಕರೆಂಟು ತೆಗೆಯಿರಿ, ಒಳಗಿದ್ದರೆ ಬಿಟ್ಟುಬಿಡಿ. ಇನ್‌ವರ್ಟರ್ ಇರುವ ಮನೆಯಲ್ಲಿ ಇನ್ನೊಂದು ತೊಡಕಿದೆ. ಕರೆಂಟು ಹೋದಾಗ ಅದು ತಾನಾಗಿಯೇ ಟಕ್ಕೆಂದು ಬದಲಾಗುತ್ತದೆ, ಅಲ್ಲೂ ಕಿಡಿ ಹಾರಬಹುದು. ಇನ್‌ವರ್ಟರ್ ಅಡುಗೆಮನೆಯಲ್ಲಿ ಇದ್ದರೆ ವಾಸನೆ ಇಲ್ಲದ ದಿನ ಅದನ್ನು ಬೇರೆ ಕಡೆ ಸಾಗಿಸಿ, ಅಲ್ಲಿಯವರೆಗೆ ವಾಸನೆ ಬಂದಾಗ ಮೇನ್ ಸ್ವಿಚ್ಚಿಗೂ ಕೈ ಹಾಕಬೇಡಿ.

ಕೂಲರ್ ಸೋರಿಕೆಗೂ ಕಾರಣವಾಗುತ್ತದೆ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಬೇಸಿಗೆಯಲ್ಲಿ ನಡುಮನೆಯ ಕೂಲರಿನ ಗಾಳಿ ನೇರ ಅಡುಗೆಮನೆಗೆ ನುಗ್ಗುತ್ತದೆ. ಬೇಳೆ ಬೇಯಲಿ ಎಂದು ಸಿಮ್‌ನಲ್ಲಿಟ್ಟ ಉರಿ ಆ ಗಾಳಿಗೆ ಆರಿಹೋಗುತ್ತದೆ, ಗ್ಯಾಸು ಮಾತ್ರ ಬರುತ್ತಲೇ ಇರುತ್ತದೆ. ಕೂಲರ್ ಸದ್ದಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಒಲೆ ಉರಿಯುವಾಗ ಕೂಲರಿನ ಮುಖ ಬೇರೆ ಕಡೆ ತಿರುಗಿಸಿ.

ವಾಸನೆ ಬಂದ ಹೊತ್ತಿಗೆ ಮಾಡಬೇಕಾದದ್ದು ಇಷ್ಟು. ಕೈಗೆ ಎಟಕುವಂತಿದ್ದರೆ ಒಲೆ, ದೀಪ, ಊದುಬತ್ತಿ ಆರಿಸಿ. ನಾಬುಗಳನ್ನು ಬಂದ್ ಮಾಡಿ, ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು ಕಿಟಕಿ ತೆರೆಯಿರಿ, ಅದರಲ್ಲೂ ಬಾಗಿಲು ಮುಖ್ಯ, ಯಾಕೆಂದರೆ ನೆಲದಲ್ಲಿ ನಿಂತ ಗ್ಯಾಸು ಹೊಸ್ತಿಲು ದಾಟಿ ಹೋಗಬೇಕು. ಎತ್ತರದ ಕಿಟಕಿಯೊಂದರಿಂದ ಅದು ಹೊರಡುವುದಿಲ್ಲ. ಎಲ್ಲರನ್ನೂ ಹೊರಗೆ ಕರೆತನ್ನಿ. ಫೋನು ಹೊರಗೆ ಬಂದ ಮೇಲೆ ಮಾಡಿ. 1906 ಅಡುಗೆ ಗ್ಯಾಸಿನ ತುರ್ತು ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಬೆಂಕಿ ಹತ್ತಿದ್ದರೆ 112. ರೆಗ್ಯುಲೇಟರ್ ಬಂದ್ ಮಾಡಿದರೂ ಸುಸ್ಸೆಂದು ಸದ್ದು ಬರುತ್ತಿದ್ದರೆ ಅದನ್ನು ಕಳಚಿ ಕ್ಯಾಪ್ ಒತ್ತಿ. ಅದಕ್ಕೂ ನಿಲ್ಲದಿದ್ದರೆ ಒಳಗೆ ನಿಲ್ಲಬೇಡಿ. ಸಿಲಿಂಡರನ್ನು ಪರಸಿಯ ಮೇಲೆ ದರದರ ಎಳೆಯುವುದು ಬಹಳ ಅಪಾಯ, ಕಬ್ಬಿಣದ ಬುಡ ಕಲ್ಲಿಗೆ ಉಜ್ಜಿ ಕಿಡಿ ಏಳಬಹುದು. ಇಬ್ಬರು ಎತ್ತಿ ಒಯ್ಯಲು ಆಗುವಂತಿದ್ದರೆ ಮಾತ್ರ ಒಯ್ಯಿರಿ, ಮೋರಿಯಿಂದ ದೂರ ಇಡಿ. ಮೋರಿಗೆ ಇಳಿದ ಗ್ಯಾಸು ಬೇರೆ ಮನೆಯಲ್ಲಿ ಏಳುತ್ತದೆ.

"ಈಗ ವಾಸನೆ ಇಲ್ಲ" ಎಂದು ಒಳಗೆ ಇದ್ದವರು ಹೇಳಿದರೆ ನಂಬಬೇಡಿ. ಈ ವಾಸನೆಗೆ ಮೂಗು ಕೆಲವೇ ನಿಮಿಷದಲ್ಲಿ ಒಗ್ಗಿಹೋಗುತ್ತದೆ, ಗ್ಯಾಸು ಇದ್ದಲ್ಲೇ ಇರುತ್ತದೆ. ಹೊರಗಿನ ಗಾಳಿಯಲ್ಲಿದ್ದವರು ಬಾಗಿಲಲ್ಲಿ ಬಗ್ಗಿ ನೋಡಿ ಹೇಳಬೇಕು. ನಿದ್ದೆಯಲ್ಲಿ ಇರುವವರನ್ನು ವಾಸನೆ ಎಬ್ಬಿಸುತ್ತದೆ ಎಂದೂ ನೆಚ್ಚಬಾರದು.

ನಿಮ್ಮ ಅತ್ತೆಯವರ ವಿಷಯ ಇದಕ್ಕಿಂತ ಗಂಭೀರ. ವಯಸ್ಸಾದವರಿಗೆ, ಹಳೆಯ ನೆಗಡಿ ಇರುವವರಿಗೆ, ಕೋವಿಡ್ ಬಂದು ಹೋದ ಕೆಲವರಿಗೆ ಮೂಗು ಮಂಕಾಗಿರುತ್ತದೆ. ಹಗಲು ಅವರು ಒಬ್ಬರೇ ಅಡುಗೆಮನೆಯಲ್ಲಿ ಇರುವುದಾದರೆ ಗ್ಯಾಸು ಪತ್ತೆಹಚ್ಚುವ ಅಲಾರಂ ಹಾಕಿಸಿ. ಅಡುಗೆ ಗ್ಯಾಸಿನದ್ದು ಎಂದೇ ಕೇಳಿ ತನ್ನಿ. ನೆಲದಿಂದ ಒಂದು ಅಡಿಯೊಳಗೆ, ಸಿಲಿಂಡರಿನ ಸಮೀಪದ ಗೋಡೆಗೆ ಹಚ್ಚಿಸಿ, ತೊಳೆಯುವಾಗ ನೀರು ಸಿಡಿಯದಂತೆ ನೋಡಿಕೊಳ್ಳಿ. ಚಂದ ಕಾಣಲೆಂದು ಮಾಳಿಗೆಗೆ ಹಚ್ಚಿದರೆ ಗ್ಯಾಸು ಅಲ್ಲಿಗೆ ಮುಟ್ಟುವುದರೊಳಗೆ ಹೊತ್ತು ಮೀರಿರುತ್ತದೆ. ಅದರ ಸೆನ್ಸಾರಿಗೂ ಆಯುಷ್ಯ ಉಂಟು, ಪೆಟ್ಟಿಗೆಯ ಮೇಲೆ ಬರೆದ ತಾರೀಖಿಗೆ ಬದಲಿಸಬೇಕು.

ಪೈಪು ಬದಲಿಸಿ, ನಾಬು ಬಿಚ್ಚಿಸಿ ಗ್ರೀಸು ಹಾಕಿಸಿದ ದಿನವೇ ಎಲ್ಲ ಸರಿಯಾಯಿತು ಎಂದು ತೀರ್ಮಾನಿಸಬೇಡಿ. ಅವತ್ತು ಸೋಪಿನ ನೀರಿನ ಪರೀಕ್ಷೆ ಮತ್ತೊಮ್ಮೆ ಮಾಡಿ. ಆಮೇಲೆ ಆ ಸಿಲಿಂಡರ್ ಮುಗಿಯಲು ನಾಲ್ಕೈದು ದಿನ ಇದೆ ಎನ್ನುವಾಗ, ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಕಟ್ಟೆಯ ಕೆಳಗೆ ಬಗ್ಗಿ ಮೂಸಿ ನೋಡಿ. ವಾಸನೆ ಅತಿ ಹೆಚ್ಚಿರುವ ಗ್ಯಾಸು ಆಗಲೇ ಇರುವುದರಿಂದ, ಸಣ್ಣ ಸೋರಿಕೆ ಉಳಿದಿದ್ದರೂ ಆ ದಿನಗಳಲ್ಲಿ ಗೊತ್ತಾಗುತ್ತದೆ.